ಪಿ-ವ್ಯಾಲ್ಯೂ ಓದಿ ರೂಢಿಯಾದವರಿಗೆ ಬೇಯ್ಸಿಯನ್ ಲೆಕ್ಕ ತೋರಿಸಿದ್ದು: ನನ್ನ ಅನುಭವ

ಗದಗ ತಾಲೂಕಿನ 36 ರೈತರ ಹೊಲಗಳಲ್ಲಿ ಮುಂಗಾರು ಹೆಸರುಕಾಳಿನ ಬೆಳೆ ಮೇಲೆ ಒಂದು ಪ್ರಯೋಗ ನಡೆದಿತ್ತು. ಪ್ರತಿ ಹೊಲವನ್ನೂ ಎರಡು ಭಾಗ ಮಾಡಿದ್ದರು. ಒಂದು ಭಾಗದ ಬೀಜಕ್ಕೆ ಬೆಲ್ಲದ ಪಾಕದಲ್ಲಿ ಕಲಸಿದ ರೈಜೋಬಿಯಂ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಿದ್ದರು. ಇನ್ನೊಂದು ಭಾಗಕ್ಕೆ ಬರಿ ಬೀಜ. ಯಾವ ಭಾಗಕ್ಕೆ ಯಾವುದು ಅನ್ನೋದನ್ನು ಚೀಟಿ ಎತ್ತಿ ನಿರ್ಧರಿಸಿದ್ದರು. ರಾಶಿ ಮುಗಿದು ತೂಕ ಹಾಕಿದಾಗ, ರೈಜೋಬಿಯಂ ಹಚ್ಚಿದ ಕಡೆ ಸರಾಸರಿ ಎಕರೆಗೆ 15 ಕಿಲೋ ಜಾಸ್ತಿ ಬಂದಿತ್ತು. ಸ್ಟ್ಯಾಂಡರ್ಡ್ ಎರರ್ 8 ಕಿಲೋ. ಜೋಡಿ ಟಿ-ಟೆಸ್ಟ್ ಮಾಡಿದರೆ ಪಿ-ವ್ಯಾಲ್ಯೂ ಸುಮಾರು 0.07.

ಧಾರವಾಡದಲ್ಲಿ ಕೂತು ಈ ಅಂಕಿಅಂಶದ ಲೆಕ್ಕ ಮಾಡಿದ್ದು ನಾನು. ವರದಿ ಓದುವವರು ಬೇಸಾಯ ತಜ್ಞರು ಮತ್ತು ಕೃಷಿ ಅಧಿಕಾರಿಗಳು. ಎಲ್ಲರೂ ಹೊಲ ಬಲ್ಲವರು, ಆದರೆ ಓದಿನ ಕಾಲದಿಂದ 0.05 ಒಂದನ್ನೇ ನೋಡಿಕೊಂಡು ಬಂದವರು. 0.07 ಅಂತ ಬರೆದು ಕೊಟ್ಟರೆ "ಪರಿಣಾಮ ಇಲ್ಲ" ಅಂತ ಫೈಲು ಮುಚ್ಚುತ್ತಿದ್ದರು. ಅವರಿಗೆ ಬೇಕಿದ್ದ ಪ್ರಶ್ನೆ ಬೇರೆಯೇ ಇತ್ತು: ಪ್ಯಾಕೆಟ್ಟು, ಬೆಲ್ಲ, ಕೂಲಿ ಎಲ್ಲ ಸೇರಿ ಹೆಚ್ಚುಕಡಿಮೆ 5 ಕಿಲೋ ಹೆಸರಿನ ಬೆಲೆ ಖರ್ಚಾಗುತ್ತದೆ. ಅಷ್ಟಾದರೂ ವಾಪಸ್ ಬರುತ್ತದಾ? ಪಿ-ವ್ಯಾಲ್ಯೂ ಈ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಅದು ಹೇಳೋದು ಇಷ್ಟೇ: ಪರಿಣಾಮ ಸೊನ್ನೆ ಆಗಿದ್ದರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಎಷ್ಟು ಅಪರೂಪಕ್ಕೆ ಕಾಣುತ್ತಿತ್ತು ಅಂತ.

ಹಾಗಂತ ಪಿ-ವ್ಯಾಲ್ಯೂವನ್ನು ನಾನು ಬಚ್ಚಿಡಲಿಲ್ಲ. ಫಲಿತಾಂಶದ ಮೊದಲ ಸಾಲಲ್ಲೇ ಬರೆದೆ. ಅದು ಇಲ್ಲದಿದ್ದರೆ ಓದುವವರು ಅದನ್ನೇ ಹುಡುಕುತ್ತಾ ಹೋಗುತ್ತಾರೆ, ಉಳಿದದ್ದು ತಲೆಗೆ ಹತ್ತುವುದಿಲ್ಲ.

ಆಮೇಲೆ ಪ್ರಯರ್. ಎಲ್ಲರೂ ಮೊದಲು ಜಗಳ ತೆಗೆಯೋದು ಇಲ್ಲೇ: "ಡೇಟಾ ನೋಡೋಕೆ ಮುಂಚೆ ನೀವೇ ಒಂದು ನಂಬಿಕೆ ಸೇರಿಸಿಬಿಟ್ಟರೆ ಹೇಗೆ?" ಇದಕ್ಕೆ ಸಿದ್ಧಾಂತದ ಉತ್ತರ ಕೊಟ್ಟರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಪ್ರಯರ್ ಅನ್ನು ಕಿಲೋ ಲೆಕ್ಕದಲ್ಲಿ ಹೇಳಬೇಕು, ಅದು ಎಲ್ಲಿಂದ ಬಂತು ಅಂತಲೂ ಹೇಳಬೇಕು. ತೂಕದ ಪಟ್ಟಿ ಕೈಗೆ ಬರುವ ಮುಂಚೆ ನಾನು ಕೆಲವು ರೈತರನ್ನು ಕೇಳಿದ್ದೆ: ಇದರಿಂದ ಎಕರೆಗೆ 40 ಕಿಲೋ ಜಾಸ್ತಿ ಬರುತ್ತದೆ ಅಂದರೆ ನಂಬುತ್ತೀರಾ? ಒಬ್ಬ ಹಿರಿಯರು ನಕ್ಕು, "ನಲವತ್ತ ಕಿಲೋ? ಒಂದ್ ವರ್ಷ ಮಳಿ ಚಲೋ ಆದ್ರ ಬರಬಹುದ್ರಿ. ಎಲ್ಲಾರ ಹೊಲದಾಗೂ ಅಂದ್ರ ನಾ ನಂಬಂಗಿಲ್ಲ" ಅಂದರು. ಬೇಸಾಯ ತಜ್ಞರೂ ಸುಮಾರು ಅದನ್ನೇ ಹೇಳಿದರು. ಹಾಗಾಗಿ ಸರಾಸರಿ ಪರಿಣಾಮಕ್ಕೆ ಸೊನ್ನೆ ನಡುವಲ್ಲಿರುವ, 20 ಕಿಲೋ ಸ್ಟ್ಯಾಂಡರ್ಡ್ ಡೀವಿಯೇಶನ್ ಇರುವ ನಾರ್ಮಲ್ ಪ್ರಯರ್ ಇಟ್ಟೆ. ವರದಿಯಲ್ಲಿ ಬರೆದ ವಾಕ್ಯ ಹೀಗಿತ್ತು: "ತೂಕ ನೋಡುವ ಮೊದಲು ನಮ್ಮ ಅಂದಾಜು ಹೀಗಿತ್ತು: ಸರಾಸರಿ ಪರಿಣಾಮ ಎಕರೆಗೆ 40 ಕಿಲೋ ನಷ್ಟದಿಂದ 40 ಕಿಲೋ ಲಾಭದ ನಡುವೆ ಇರುವ ಸಾಧ್ಯತೆ ಸುಮಾರು 95%. ಲಾಭ, ನಷ್ಟ ಎರಡಕ್ಕೂ ಸಮಾನ ಅವಕಾಶ ಕೊಟ್ಟಿದ್ದೇವೆ." ನಡುವನ್ನು ಲಾಭದ ಕಡೆ ಸರಿಸಬಹುದಿತ್ತು, ರೈಜೋಬಿಯಂ ಬಗ್ಗೆ ಹಳೆಯ ಅನುಭವ ಇದೆಯಲ್ಲ. ಆದರೆ ಅನುಮಾನದಿಂದ ಓದುವವರ ಮುಂದೆ ಸೊನ್ನೆಯಿಂದ ಶುರು ಮಾಡೋದೇ ವಾಸಿ. ಕೊನೆಗೆ ಲಾಭ ಕಂಡರೆ ಅದು ಡೇಟಾದಿಂದಲೇ ಬಂತು ಅಂತ ಅವರಿಗೂ ಗೊತ್ತಾಗುತ್ತದೆ.

ಈ ಪ್ರಯರ್ ಮತ್ತು ಡೇಟಾ ಸೇರಿದ ಪೋಸ್ಟೀರಿಯರ್ ಸರಾಸರಿ 12.9 ಕಿಲೋ. 95% ಪೋಸ್ಟೀರಿಯರ್ ಇಂಟರ್ವಲ್ −1.6 ರಿಂದ 27.5 ಕಿಲೋ. 15 ಇದ್ದದ್ದು 12.9ಕ್ಕೆ ಇಳಿದಿದೆ, ಯಾಕೆಂದರೆ ಪ್ರಯರ್ ಸೊನ್ನೆಯ ಕಡೆ ಸ್ವಲ್ಪ ಎಳೆಯುತ್ತದೆ. ಇಂಟರ್ವಲ್ ತೋರಿಸಿದ ಕೂಡಲೇ ಹಳೆಯ ಅಭ್ಯಾಸ ಮೇಲೆ ಬಂತು. "ಸೊನ್ನೆ ಒಳಗೇ ಐತಲ್ರಿ, ಅಂದ್ಮ್ಯಾಲೆ ಇಲ್ಲ ಅಂತ ತಾನೇ?" ಅಂತ ಒಬ್ಬ ಅಧಿಕಾರಿ ಕೇಳಿದರು. ಇಂಟರ್ವಲ್‌ನ ಅಂಚನ್ನು ಮಾತ್ರ ನೋಡಿದರೆ ಅದು ಮತ್ತೆ ಪಿ-ವ್ಯಾಲ್ಯೂ ಆಗಿಬಿಡುತ್ತದೆ. ಅದಕ್ಕೆ ಇಡೀ ಪೋಸ್ಟೀರಿಯರ್ ಚಿತ್ರವನ್ನು ದೊಡ್ಡದಾಗಿ ಬರೆದು, ಎರಡು ಗೆರೆ ಎಳೆದೆ. ಒಂದು ಸೊನ್ನೆಯಲ್ಲಿ, ಇನ್ನೊಂದು 5 ಕಿಲೋದಲ್ಲಿ. 5ರ ಬಲಗಡೆಯ ಭಾಗಕ್ಕೆ ಬಣ್ಣ ತುಂಬಿ, ಅದರೊಳಗೇ "86%" ಅಂತ ಬರೆದೆ. ಹಾಕಿದ ಖರ್ಚು ವಾಪಸ್ ಬರುವ ಸಾಧ್ಯತೆ 86%, ಬಾರದಿರುವ ಸಾಧ್ಯತೆ 14%. ಆ ಚಿತ್ರದ ಮುಂದೆ ಮಾತು ಸೊನ್ನೆಯನ್ನು ಬಿಟ್ಟು ಖರ್ಚಿನ ಕಡೆ ತಿರುಗಿತು.

ಸೊನ್ನೆಗಿಂತ ಜಾಸ್ತಿ ಇರುವ ಸಾಧ್ಯತೆ 96%. ಈ ಸಂಖ್ಯೆಯನ್ನು ಕೊಡುವಾಗ ಬಹಳ ಹುಷಾರಾಗಿರಬೇಕು. ಓದುವವರು ತಲೆಯಲ್ಲೇ ನೂರರಲ್ಲಿ 96 ಕಳೆದು, "ಓ, 0.04, ಸಿಗ್ನಿಫಿಕೆಂಟ್" ಅಂದುಬಿಡುತ್ತಾರೆ. ಇದು ಎರಡು ಬದಿಯ ಪಿ-ವ್ಯಾಲ್ಯೂ ಅಲ್ಲ. ತುಂಬಾ ಅಗಲದ ಪ್ರಯರ್ ಇದ್ದಾಗ ಈ ಉಳಿದ ಭಾಗ ಒಂದು ಬದಿಯ ಪಿ-ವ್ಯಾಲ್ಯೂಗೆ ಹತ್ತಿರ ಬರುತ್ತದೆ, ನಿಜ. ಆದರೆ ಹಾಗೆ ಓದಿದರೆ ಅದೇ 0.05ರ ಬಾಗಿಲನ್ನು ಅರ್ಧ ತೆರೆದಂತೆ. ನಾನು 96% ಅನ್ನು ಕೋಷ್ಟಕದಲ್ಲಿ ಮಾತ್ರ ಇಟ್ಟು, ವಿವರಣೆಯಲ್ಲಿ 86% ಅನ್ನೇ ಬಳಸಿದೆ.

ಬೇಯ್ಸ್ ಫ್ಯಾಕ್ಟರ್ ಹೇಳುವಾಗ ಹೆಚ್ಚು ಹೊತ್ತು ಬೇಕಾಯಿತು. ಇದೇ ಡೇಟಾಗೆ, ಇದೇ ಪ್ರಯರ್‌ಗೆ ಬೇಯ್ಸ್ ಫ್ಯಾಕ್ಟರ್ 1.7. ಅಂದರೆ "ಪರಿಣಾಮ ಇದೆ, ಅದು ನಮ್ಮ ಪ್ರಯರ್ ಹೇಳಿದ ಅಳತೆಯಲ್ಲಿದೆ" ಅನ್ನೋ ಮಾತು, "ಪರಿಣಾಮ ಸರಿಯಾಗಿ ಸೊನ್ನೆ" ಅನ್ನೋ ಮಾತಿಗಿಂತ ಈ ತೂಕಗಳನ್ನು 1.7 ಪಟ್ಟು ಚೆನ್ನಾಗಿ ಊಹಿಸಿತ್ತು. ತುಂಬಾ ದುರ್ಬಲ ಸಾಕ್ಷಿ. ಮೂರರ ಕೆಳಗಿದ್ದರೆ ಸಾಮಾನ್ಯವಾಗಿ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಗ ಬಂದ ಪ್ರಶ್ನೆ ನ್ಯಾಯವಾದದ್ದೇ: "ಮೇಲೆ 96% ಅಂತೀರಿ, ಕೆಳಗೆ ಸಾಕ್ಷಿ ಸಾಲದು ಅಂತೀರಿ. ಯಾವುದು ಖರೆ?"

ಎರಡೂ ಖರೆ, ಯಾಕೆಂದರೆ ಪ್ರಶ್ನೆ ಬೇರೆ ಬೇರೆ. 96% ಬಂದ ಲೆಕ್ಕದಲ್ಲಿ ಸರಿಯಾಗಿ ಸೊನ್ನೆ ಅನ್ನೋದಕ್ಕೆ ಜಾಗವೇ ಇಲ್ಲ. ಏನೋ ಒಂದು ಪರಿಣಾಮ ಇದ್ದೇ ಇದೆ ಅಂತ ಒಪ್ಪಿಕೊಂಡು, ಅದು ಮೇಲಾ ಕೆಳಗಾ ಅಂತ ಕೇಳುತ್ತದೆ. ಬೇಯ್ಸ್ ಫ್ಯಾಕ್ಟರ್ ಸೊನ್ನೆಗೂ ಒಂದು ಕುರ್ಚಿ ಹಾಕಿ ಕೂರಿಸಿ, ಇಬ್ಬರಲ್ಲಿ ಯಾರ ಮಾತು ಡೇಟಾಗೆ ಹೊಂದುತ್ತದೆ ಅಂತ ನೋಡುತ್ತದೆ. ನಮ್ಮ ಜನರಿಗೆ 1.7 ನೋಡಿ ಬೇಸರವಾಗಿತ್ತು. ಆಗ ಅವರ ಕೈಲಿದ್ದ ಅಳತೆಗೋಲನ್ನೇ ಹಿಡಿದು ತೋರಿಸಿದೆ. ಸೆಲ್ಕೆ, ಬಯಾರಿ ಮತ್ತು ಬರ್ಗರ್ 2001ರಲ್ಲಿ ಕೊಟ್ಟ ಒಂದು ಮಿತಿ ಇದೆ: `-1/(e p ln p)`. p ಜಾಗದಲ್ಲಿ 0.05 ಹಾಕಿದರೆ ಸುಮಾರು 2.5 ಬರುತ್ತದೆ. ಅಂದರೆ ಅಷ್ಟು ನೆಚ್ಚಿಕೊಂಡ 0.05 ಕೂಡ, ಸಾಮಾನ್ಯವಾಗಿ ಬಳಸುವ ಪ್ರಯರ್‌ಗಳಲ್ಲಿ, ಹೆಚ್ಚೆಂದರೆ ಒಂದಕ್ಕೆ ಎರಡೂವರೆಯಷ್ಟೇ ಸಾಕ್ಷಿ. ಹಾಗಾಗಿ 0.07 ಮತ್ತು 0.05 ನಡುವೆ ಅವರು ಕಟ್ಟಿಕೊಂಡಿದ್ದ ಗೋಡೆ ಅಷ್ಟು ಗಟ್ಟಿಯಲ್ಲ. ಇದು ಅವರಿಗೆ ನಿಜವಾಗಿಯೂ ಹೊಸದಾಗಿತ್ತು. ಒಬ್ಬರು ಅಲ್ಲೇ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಲೆಕ್ಕ ಹಾಕಿ ನೋಡಿದರು.

ಬೇಯ್ಸ್ ಫ್ಯಾಕ್ಟರ್ ಅನ್ನು ಒಂಟಿಯಾಗಿ ಬರೆಯಲೇಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಪ್ರಯರ್ ಅಗಲ, ಅಂದರೆ ಅದರ ಸ್ಟ್ಯಾಂಡರ್ಡ್ ಡೀವಿಯೇಶನ್, ಬದಲಿಸಿದಾಗ ಏನಾಗುತ್ತದೆ ಅಂತ ಜೊತೆಗೇ ತೋರಿಸಬೇಕು. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ, R ನಲ್ಲಿ ಇಷ್ಟು ಸಾಕು:

```r
d <- 15; se <- 8
for (s in c(10, 20, 40, 200)) {
  v  <- 1 / (1/s^2 + 1/se^2)
  m  <- v * d / se^2
  ci <- qnorm(c(.025, .975), m, sqrt(v))
  bf <- dnorm(d, 0, sqrt(s^2 + se^2)) / dnorm(d, 0, se)
  cat(s, round(c(m, ci, bf), 2), "\n")
}
```

36 ಜೋಡಿ ಇದ್ದುದರಿಂದ ನಾರ್ಮಲ್ ಲೆಕ್ಕ ನಡೆಯುತ್ತದೆ. ಹತ್ತು ಹನ್ನೆರಡು ಜೋಡಿ ಮಾತ್ರ ಇದ್ದಿದ್ದರೆ ಸ್ಟ್ಯಾಂಡರ್ಡ್ ಎರರ್ ಕೂಡ ಅಂದಾಜೇ ಅನ್ನೋದನ್ನು ಲೆಕ್ಕಕ್ಕೆ ಸೇರಿಸಬೇಕಾಗುತ್ತಿತ್ತು.

ಇದನ್ನು ಓಡಿಸಿದರೆ ಸಿಗುವುದು ನೋಡಿ. ಪ್ರಯರ್ ಅಗಲ 10 ಇದ್ದಾಗ ಬೇಯ್ಸ್ ಫ್ಯಾಕ್ಟರ್ 1.8, 20 ಇದ್ದಾಗ 1.7, 40 ಇದ್ದಾಗ 1.1. ಅಗಲ 200 ಮಾಡಿದರೆ 0.23. ಅಂದರೆ ಈಗ ಸಾಕ್ಷಿ ತಿರುಗಿಬಿದ್ದು, ಸೊನ್ನೆಯ ಪರವಾಗಿ ನಾಲ್ಕು ಪಟ್ಟಿಗಿಂತ ಜಾಸ್ತಿ ಆಯಿತು! ಡೇಟಾ ಒಂದು ಕಿಲೋನೂ ಬದಲಾಗಿಲ್ಲ. ಆದರೆ ಇಂಟರ್ವಲ್ ಮಾತ್ರ 20ಕ್ಕೆ −1.6 ರಿಂದ 27.5 ಇದ್ದದ್ದು, 200ಕ್ಕೆ −0.7 ರಿಂದ 30.6 ಆಗುತ್ತದೆ, ಅಷ್ಟೇ. ಕಾರಣ ಸರಳ. ಅಗಲ 200 ಅಂದರೆ ಎಕರೆಗೆ 300 ಕಿಲೋ ಜಾಸ್ತಿ ಬಂದರೂ ಆಶ್ಚರ್ಯ ಇಲ್ಲ ಅಂದಂತೆ. ಅಲ್ಲಿಯ ಇಡೀ ಬೆಳೆಯೇ ಸುಮಾರು ಅಷ್ಟಿರುವಾಗ ಇದು ಅರ್ಥವಿಲ್ಲದ ಊಹೆ. ಅಂಥ ಊಹೆ ತನ್ನ ನಂಬಿಕೆಯನ್ನು ಎಲ್ಲೆಲ್ಲೋ ಚೆಲ್ಲಿಬಿಟ್ಟಿರುತ್ತದೆ, 15 ಕಿಲೋ ಹತ್ತಿರ ಏನೂ ಉಳಿದಿರುವುದಿಲ್ಲ. ಆದ್ದರಿಂದ ಸೊನ್ನೆ ಗೆಲ್ಲುತ್ತದೆ. "ಯಾವ ಪಕ್ಷವೂ ಬೇಡ" ಅಂತ ತುಂಬಾ ಅಗಲದ ಪ್ರಯರ್ ಇಡುವವರು ಇಲ್ಲಿ ಗೊತ್ತಿಲ್ಲದೆ ಸೊನ್ನೆಯ ಪಕ್ಷ ವಹಿಸಿರುತ್ತಾರೆ. ಯಾರದೋ ವರದಿಯಲ್ಲಿ ಬೇಯ್ಸ್ ಫ್ಯಾಕ್ಟರ್ ಇದ್ದು, ಪಕ್ಕದಲ್ಲಿ ಪ್ರಯರ್ ಅಗಲ ಇಲ್ಲದಿದ್ದರೆ ನಾನು ಆ ಸಂಖ್ಯೆಯನ್ನು ಪರಿಗಣಿಸುವುದೇ ಇಲ್ಲ.

ಇನ್ನೊಂದು ಮಾತು ಬರೆಯದಿದ್ದರೆ ತಪ್ಪು ಓದು ಖಂಡಿತ. 1.7 ಅಂದರೆ "ಪರಿಣಾಮ ಇರುವ ಸಾಧ್ಯತೆ 1.7 ಪಟ್ಟು" ಅಲ್ಲ. ಮುಂಚೆ "ಇದೆ" ಮತ್ತು "ಇಲ್ಲ" ನಡುವೆ ನಂಬಿಕೆಯ ಅನುಪಾತ ಎಷ್ಟಿತ್ತೋ ಅದನ್ನು 1.7ರಿಂದ ಗುಣಿಸಬೇಕು. ಮೊದಲು ಸಮ-ಸಮ ಅಂದುಕೊಂಡಿದ್ದವರು ಈಗ 63% ನಂಬಬೇಕು. "ನಾಲ್ಕಕ್ಕೆ ಒಂದು, ಇದೆಲ್ಲ ಸುಮ್ನೆ" ಅಂದುಕೊಂಡಿದ್ದವರು 20% ಇಂದ 30% ಗೆ ಬರಬೇಕು. ಈ ಎರಡು ಸಾಲನ್ನು ವರದಿಯಲ್ಲೇ ಹಾಕಿದ್ದೆ. ಸಭೆಯಲ್ಲಿ ಇಬ್ಬರು ತಜ್ಞರು ತಾವು ಯಾವ ಸಾಲಿನವರು ಅಂತ ಬಾಯಿಬಿಟ್ಟು ಹೇಳಿದರು. ಅವರಿಬ್ಬರ ಭಿನ್ನಾಭಿಪ್ರಾಯ ಡೇಟಾ ಬಗ್ಗೆ ಅಲ್ಲ, ಶುರುವಿನ ನಂಬಿಕೆ ಬಗ್ಗೆ ಅನ್ನೋದು ಆಗ ಎಲ್ಲರಿಗೂ ಕಂಡಿತು.

ಕೊನೆಗೆ ಎಲ್ಲ ರೈತರಿಗೂ ಶಿಫಾರಸು ಮಾಡದೆ, ಇನ್ನೊಂದು ಮುಂಗಾರು ನೋಡೋಣ ಅಂತ ತೀರ್ಮಾನವಾಯಿತು. 14% ಅಪಾಯ ಸಣ್ಣ ಹಿಡುವಳಿಯವರಿಗೆ ಜಾಸ್ತಿ ಅನ್ನೋದು ಅವರ ವಾದ. ಆ ವಾದಕ್ಕೆ ಆಧಾರ ಖರ್ಚು, 0.05 ಅಲ್ಲ. ಈಗಿನ ಪೋಸ್ಟೀರಿಯರ್ ಮುಂದಿನ ವರ್ಷದ ಪ್ರಯರ್ ಆಗಬೇಕು. ಆದರೆ 12.9 ಸರಾಸರಿ, 7.4 ಅಗಲ ಅಂತ ಹಾಗೇ ಎತ್ತಿ ಇಡಲು ನಾನು ಒಪ್ಪಲಿಲ್ಲ. ಈ 36 ಹೊಲಗಳೂ ಒಂದೇ ಮಳೆಗಾಲ ನೋಡಿದವು, ಮಳೆ ಬದಲಾದರೆ ಪರಿಣಾಮವೂ ಬದಲಾಗಬಹುದು. ಅದಕ್ಕೆ ನಡುವನ್ನು 13ರಲ್ಲೇ ಇಟ್ಟು ಅಗಲವನ್ನು 12ಕ್ಕೆ ಸಡಿಲಿಸಿ, ಬಿತ್ತನೆಗೆ ಮುಂಚೆಯೇ ಬರೆದು ದಿನಾಂಕ ಹಾಕಿ ಎಲ್ಲರ ಸಹಿ ತೆಗೆದುಕೊಂಡಿದ್ದೇವೆ.