ಐಸಿಯುವಿನಲ್ಲಿ ರಕ್ತಕ್ಕೆ ಇಳಿದ ಯೀಸ್ಟ್: ಹಿಡಿಯುವುದು ಹೇಗೆ, ಹರಡದಂತೆ ನೋಡಿಕೊಳ್ಳುವುದು ಹೇಗೆ?

ಐಸಿಯುವಿನಲ್ಲಿ ಒಂದು ವಾರ ಕಳೆದ ರೋಗಿಗೆ ಮತ್ತೆ ಜ್ವರ ಬಂದರೆ ಮೊದಲು ಬ್ಯಾಕ್ಟೀರಿಯಾದ ಮೇಲೆಯೇ ಅನುಮಾನ. ಆಂಟಿಬಯೋಟಿಕ್ ಬದಲಾಗುತ್ತದೆ. ಎರಡು ದಿನ ಕಾಯುತ್ತಾರೆ. ಜ್ವರ ಇಳಿಯದಿದ್ದರೆ ಇನ್ನೂ ಜೋರಾದ ಆಂಟಿಬಯೋಟಿಕ್ ಬರುತ್ತದೆ. ರಕ್ತದಲ್ಲಿ ಇರುವುದು ಕ್ಯಾಂಡಿಡಾ ಎಂಬ ಯೀಸ್ಟ್, ಅಂದರೆ ಒಂದು ಬಗೆಯ ಶಿಲೀಂಧ್ರ ಆಗಿದ್ದರೆ ಈ ಔಷಧಿಗಳು ಅದನ್ನು ಮುಟ್ಟುವುದೇ ಇಲ್ಲ. ಕೈತಪ್ಪಿದ ಆ ನಾಲ್ಕೈದು ದಿನಗಳೇ ಎಷ್ಟೋ ರೋಗಿಗಳ ಜೀವ ತೆಗೆಯುತ್ತವೆ. ಹಾಗಾಗಿ ಈ ಲೇಖನ ಐಸಿಯುವಿನ ಕಿರಿಯ ವೈದ್ಯರು ಮತ್ತು ಸಿಸ್ಟರ್‌ಗಳಿಗೆ. ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯಬಯಸುವ ಮನೆಯವರಿಗೂ ಹೌದು.

ಉದಾಹರಣೆಗೆ ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. 58 ವರ್ಷದವರು, ಸಕ್ಕರೆ ಕಾಯಿಲೆ ಇದೆ. ಕರುಳು ತೂತಾಗಿ ಆಪರೇಶನ್ ಆಯಿತು. ಹೊಲಿಗೆ ಸೋರಿ ಎರಡನೇ ಸಲ ಹೊಟ್ಟೆ ತೆರೆಯಬೇಕಾಯಿತು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್ ಎಂಬ ಕೊಳವೆ ಇದೆ, ಆಹಾರವೆಲ್ಲ ಅದರ ಮೂಲಕವೇ. ಮೊದಲ ದಿನದಿಂದ ಮೆರೊಪೆನೆಮ್ ಎಂಬ ಜೋರಾದ ಆಂಟಿಬಯೋಟಿಕ್ ನಡೆಯುತ್ತಿದೆ. 9ನೇ ದಿನ ಬೆಳಿಗ್ಗೆ ಜ್ವರ 38.6 ಡಿಗ್ರಿ, ಬಿಪಿ ಇಳಿಯುತ್ತಿದೆ.

ಮೊದಲ ಹೆಜ್ಜೆ: ಅಪಾಯ ಯಾರಿಗೆ ಎಂದು ನೋಡಿ

ಕ್ಯಾಂಡಿಡಾ ಸಾಮಾನ್ಯವಾಗಿ ಹೊರಗಿನಿಂದ ಬರುವುದಲ್ಲ. ನಮ್ಮಲ್ಲಿ ಹಲವರ ಕರುಳಿನಲ್ಲಿ, ಚರ್ಮದ ಮೇಲೆ ಸ್ವಲ್ಪ ಇದ್ದೇ ಇರುತ್ತದೆ. ಜೊತೆಗಿರುವ ಬ್ಯಾಕ್ಟೀರಿಯಾಗಳು ಅದನ್ನು ಬೆಳೆಯಲು ಬಿಡುವುದಿಲ್ಲ. ನಮ್ಮ ರೋಗಿಗೆ ಆಗಿದ್ದು ನೋಡಿ. ಆಂಟಿಬಯೋಟಿಕ್ ಆ ಬ್ಯಾಕ್ಟೀರಿಯಾಗಳನ್ನು ತೆಗೆದುಹಾಕಿತು, ಯೀಸ್ಟ್ ಹೆಚ್ಚಿತು. ಕರುಳು ಸೋರಿತು, ಅದು ಹೊಟ್ಟೆಯೊಳಗೆ ಇಳಿಯಿತು. ಸೆಂಟ್ರಲ್ ಲೈನ್ ರಕ್ತಕ್ಕೆ ನೇರ ದಾರಿ ಕೊಟ್ಟಿತು. ಡಯಾಲಿಸಿಸ್, ಸ್ಟೀರಾಯ್ಡ್, ತೀವ್ರ ಪ್ಯಾಂಕ್ರಿಯಾಟೈಟಿಸ್, ದೊಡ್ಡ ಸುಟ್ಟಗಾಯ ಇದ್ದವರಿಗೂ ಅಪಾಯ ಜಾಸ್ತಿ.

ಕ್ಯಾಂಡಿಡಾ ಸ್ಕೋರ್ ಎಂಬ ಸರಳ ಲೆಕ್ಕ ಇದೆ. ಆಪರೇಶನ್‌ಗೆ 1, ರಕ್ತನಾಳದ ಮೂಲಕ ಪೂರ್ತಿ ಆಹಾರಕ್ಕೆ 1, ದೇಹದ ಹಲವು ಕಡೆ ಯೀಸ್ಟ್ ಬೆಳೆದಿದ್ದರೆ 1, ಸೋಂಕಿನಿಂದ ಬಿಪಿ ಇಳಿದು ಅಂಗಗಳು ಸೋಲತೊಡಗುವ ತೀವ್ರ ಸೆಪ್ಸಿಸ್‌ಗೆ 2. ನಮ್ಮ ರೋಗಿಗೆ ಈಗಲೇ 4 ಆಯಿತು. 3 ಅಥವಾ ಹೆಚ್ಚು ಬಂದರೆ ಎಚ್ಚರ. ಆದರೆ ಈ ಲೆಕ್ಕ ರೋಗ ಇದೆ ಎಂದು ಸಾಬೀತು ಮಾಡುವುದಿಲ್ಲ. ಸ್ಕೋರ್ ಕಡಿಮೆ ಇದ್ದಾಗ 'ಬಹುಶಃ ಯೀಸ್ಟ್ ಅಲ್ಲ' ಎಂದು ಹೇಳುವುದರಲ್ಲೇ ಇದರ ಉಪಯೋಗ ಹೆಚ್ಚು.

2011-12ರಲ್ಲಿ ಭಾರತದ 27 ಐಸಿಯುಗಳನ್ನು ಸೇರಿಸಿ ನಡೆದ ಅಧ್ಯಯನದಲ್ಲಿ, ದಾಖಲಾದ ಪ್ರತಿ 1000 ರೋಗಿಗಳಲ್ಲಿ ಸುಮಾರು 6.5 ಮಂದಿಯ ರಕ್ತದಲ್ಲಿ ಕ್ಯಾಂಡಿಡಾ ಸಿಕ್ಕಿತ್ತು. ಅರ್ಧದಷ್ಟು ಜನರಿಗೆ ಅದು ಬಂದದ್ದು ಐಸಿಯು ಸೇರಿದ ಎಂಟು ದಿನಗಳೊಳಗೆ. ಅಂದರೆ ತಿಂಗಳುಗಟ್ಟಲೆ ಮಲಗಿದವರಿಗೆ ಮಾತ್ರ ಬರುವ ಕಾಯಿಲೆ ಇದಲ್ಲ.

ಎರಡನೆಯದು: ರಕ್ತ ಸಾಕಷ್ಟು ತೆಗೆಯಿರಿ

ಇಲ್ಲಿ ಆಗುವ ತಪ್ಪು ತುಂಬಾ ಸಣ್ಣದು, ಅದರ ಬೆಲೆ ದೊಡ್ಡದು. ಒಂದೇ ಬಾಟಲಿಗೆ ಐದು ಎಂಎಲ್ ರಕ್ತ ಹಾಕಿ, ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸುತ್ತಾರೆ. ರಕ್ತದಲ್ಲಿ ಯೀಸ್ಟ್ ಕೋಶಗಳು ಬಹಳ ವಿರಳ. ಒಂದು ಎಂಎಲ್‌ನಲ್ಲಿ ಒಂದೂ ಇಲ್ಲದೇ ಇರಬಹುದು. ಹಾಗಾಗಿ ವಯಸ್ಕರಲ್ಲಿ ಒಟ್ಟು 40ರಿಂದ 60 ಎಂಎಲ್ ರಕ್ತ ಬೇಕು. ಎರಡು ಮೂರು ಬೇರೆ ಬೇರೆ ಜಾಗದಲ್ಲಿ ಚುಚ್ಚಿ, ಒಂದೊಂದು ಬಾಟಲಿಗೆ 10 ಎಂಎಲ್‌ನಂತೆ ತುಂಬಿ. ಎಲ್ಲವನ್ನೂ ಶಿಲೀಂಧ್ರದ ಔಷಧಿ ಶುರುಮಾಡುವ ಮೊದಲೇ ತೆಗೆಯಿರಿ.

ಇಷ್ಟು ಮಾಡಿದರೂ ದೇಹದೊಳಗಿನ ಕ್ಯಾಂಡಿಡಾ ಸೋಂಕಿನಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಕಲ್ಚರ್ ಹಿಡಿಯುತ್ತದೆ. ಯೀಸ್ಟ್ ಹೊಟ್ಟೆಯೊಳಗಿನ ಕೀವಿನಲ್ಲಿ ಕೂತು ರಕ್ತಕ್ಕೆ ಬರದೇ ಇರಬಹುದು. ಬೆಳೆಯಲು ಎರಡು ಮೂರು ದಿನವೂ ಬೇಕು. ಆ ಅಂತರದಲ್ಲಿ ನೆರವಾಗುವುದು ಬೀಟಾ-ಡಿ-ಗ್ಲುಕಾನ್ ಪರೀಕ್ಷೆ. ಇದು ಶಿಲೀಂಧ್ರದ ಕೋಶದ ಗೋಡೆಯಲ್ಲಿರುವ ಸಕ್ಕರೆಯ ಸರಪಳಿಯನ್ನು ರಕ್ತದಲ್ಲಿ ಹುಡುಕುತ್ತದೆ. ಹೆಚ್ಚು ಬಳಕೆಯಲ್ಲಿರುವ ಕಿಟ್‌ನಲ್ಲಿ ಎಂಎಲ್‌ಗೆ 80 ಪಿಕೋಗ್ರಾಂ ಮುಟ್ಟಿದರೆ ಪಾಸಿಟಿವ್.

ಪಾಸಿಟಿವ್ ಬಂತೆಂದು ಕೂಡಲೇ ನಂಬಬೇಡಿ. ಆಲ್ಬುಮಿನ್ ಅಥವಾ ಇಮ್ಯುನೊಗ್ಲೋಬ್ಯುಲಿನ್ ಕೊಟ್ಟಿದ್ದರೆ, ಕೆಲವು ಬಗೆಯ ಡಯಾಲಿಸಿಸ್ ಫಿಲ್ಟರ್ ಬಳಸಿದ್ದರೆ, ಆಪರೇಶನ್‌ನಲ್ಲಿ ಗಾಜ್ ಬಟ್ಟೆ ಹೆಚ್ಚು ಹಾಕಿದ್ದರೆ ಸುಮ್ನೆ ಏರುತ್ತದೆ. ಎರಡು ಸಲ ಬೇರೆ ಬೇರೆ ದಿನ ಮಾಡಿ ಎರಡೂ ಏರಿದ್ದರೆ ತೂಕ ಬರುತ್ತದೆ. ಮತ್ತೆ ಮತ್ತೆ ನೆಗೆಟಿವ್ ಬಂದರೆ, ರೋಗಿಯೂ ಸುಧಾರಿಸುತ್ತಿದ್ದರೆ, ಅನುಮಾನದ ಮೇಲೆ ಶುರುಮಾಡಿದ ಔಷಧಿಯನ್ನು ನಿಲ್ಲಿಸಲು ಅದು ಒಳ್ಳೆಯ ಕಾರಣ.

ಇನ್ನೆರಡು ಮಾತು ನೆನಪಿರಲಿ. ಕಫದಲ್ಲಿ ಕ್ಯಾಂಡಿಡಾ ಬೆಳೆದರೆ ಅದು ನ್ಯುಮೋನಿಯಾ ಅಲ್ಲ, ಮೂತ್ರದ ಕ್ಯಾತಿಟರ್‌ನಲ್ಲಿ ಬೆಳೆದರೆ ಬಹುತೇಕ ಸೋಂಕೂ ಅಲ್ಲ. ಆದರೆ ರಕ್ತದ ಒಂದೇ ಒಂದು ಬಾಟಲಿಯಲ್ಲಿ ಯೀಸ್ಟ್ ಕಂಡರೂ ಅದನ್ನು 'ಕಲಬೆರಕೆ' ಎಂದು ಬದಿಗೆ ಸರಿಸಬಾರದು. ಲ್ಯಾಬ್‌ನವರು ಅದನ್ನು ಫೋನ್ ಮಾಡಿಯೇ ಹೇಳಬೇಕು.

ಮೂರನೆಯದು: ಔಷಧಿ ಶುರುಮಾಡಿ, ಲೈನ್ ತೆಗೆಯಿರಿ

ನಮ್ಮ ರೋಗಿಯ ಬಿಪಿ ಇಳಿಯುತ್ತಿದೆ, ಅಪಾಯದ ಅಂಶಗಳು ಸ್ಪಷ್ಟ. ವರದಿಗೆ ಕಾಯುವುದಿಲ್ಲ. ರಕ್ತ ತೆಗೆದ ಕೂಡಲೇ ಎಕಿನೊಕ್ಯಾಂಡಿನ್ ಗುಂಪಿನ ಔಷಧಿ ಶುರು. ಕ್ಯಾಸ್ಪೊಫಂಜಿನ್ ಆದರೆ ಮೊದಲ ದಿನ 70 ಮಿಲಿಗ್ರಾಂ, ಆಮೇಲೆ ದಿನಕ್ಕೆ 50. ಮೈಕಾಫಂಜಿನ್ ಆದರೆ ದಿನಕ್ಕೆ 100. ಅನಿಡುಲಾಫಂಜಿನ್ ಆದರೆ ಮೊದಲು 200, ಆಮೇಲೆ 100. ಮಾತ್ರೆ ಇಲ್ಲ, ನರಕ್ಕೇ ಕೊಡಬೇಕು. ಕ್ಯಾಸ್ಪೊಫಂಜಿನ್ ಅನ್ನು ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಬೇಡಿ, ಕೆಡುತ್ತದೆ. ಸಲೈನ್‌ನಲ್ಲಿ ಬೆರೆಸಿ ಒಂದು ಗಂಟೆ ನಿಧಾನವಾಗಿ ಬಿಡಿ.

ಇವೇ ಯಾಕೆ? ಈ ಔಷಧಿ ಯೀಸ್ಟ್ ತನ್ನ ಗೋಡೆಯ ಗ್ಲುಕಾನ್ ತಯಾರಿಸುವುದನ್ನೇ ತಡೆಯುತ್ತದೆ. ಸಿಮೆಂಟ್ ಇಲ್ಲದೆ ಕಟ್ಟಿದ ಗೋಡೆಯಂತೆ ಅದು ಬಿರಿಯುತ್ತದೆ. ನಮ್ಮ ಕೋಶಗಳಿಗೆ ಆ ಗೋಡೆಯೇ ಇಲ್ಲ, ಹಾಗಾಗಿ ತೊಂದರೆ ಕಡಿಮೆ. ಕಿಡ್ನಿ ಕೆಟ್ಟಿದ್ದರೂ ಡೋಸ್ ಬದಲಿಸಬೇಕಿಲ್ಲ. ಮಿತಿಯೂ ಇದೆ. ಮೂತ್ರ, ಕಣ್ಣು, ಮೆದುಳಿಗೆ ಇದು ಸಾಕಷ್ಟು ತಲುಪುವುದಿಲ್ಲ. ಅದಕ್ಕೇ ರಕ್ತದಲ್ಲಿ ಕ್ಯಾಂಡಿಡಾ ಖಚಿತವಾದವರ ಕಣ್ಣನ್ನು ಮೊದಲ ವಾರದೊಳಗೆ ಕಣ್ಣಿನ ವೈದ್ಯರು ಪಾಪೆ ಹಿಗ್ಗಿಸಿ ನೋಡಬೇಕು.

ಸೆಂಟ್ರಲ್ ಲೈನ್ ಆದಷ್ಟು ಬೇಗ ಹೊರಗೆ ಬರಲಿ. ಪ್ಲಾಸ್ಟಿಕ್ಕಿನ ಮೇಲೆ ಯೀಸ್ಟ್ ಲೋಳೆಯ ಪದರ ಕಟ್ಟುತ್ತದೆ, ಅದರೊಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ನಮ್ಮ ರೋಗಿಯ ಹೊಟ್ಟೆಯಲ್ಲಿ ಮತ್ತೆ ಕೀವು ಕೂತಿದೆಯೇ ಎಂದು ಸ್ಕ್ಯಾನ್ ಕೂಡ ಬೇಕು. ಕೀವು ಒಳಗೇ ಇದ್ದರೆ ಯಾವ ಔಷಧಿಯೂ ಗೆಲ್ಲುವುದಿಲ್ಲ.

ಆಮೇಲೆ ದಿನವೂ ಅಥವಾ ದಿನ ಬಿಟ್ಟು ದಿನ ಕಲ್ಚರ್ ಕಳಿಸುತ್ತಿರಿ. ಚಿಕಿತ್ಸೆಯ ಲೆಕ್ಕ ಶುರುವಾಗುವುದು ಮೊದಲ ಡೋಸ್‌ನಿಂದಲ್ಲ, ರಕ್ತ ಸ್ವಚ್ಛ ಬಂದ ದಿನದಿಂದ. 9ನೇ ದಿನ ಔಷಧಿ ಶುರುವಾಯಿತು, 11ನೇ ದಿನದ ರಕ್ತದಲ್ಲಿ ಇನ್ನೂ ಯೀಸ್ಟ್ ಇತ್ತು, 13ನೇ ದಿನದ್ದು ಸ್ವಚ್ಛ ಬಂತು ಎಂದುಕೊಳ್ಳಿ. ಅಲ್ಲಿಂದ 14 ದಿನ, ಅಂದರೆ 27ನೇ ದಿನದವರೆಗೆ ಔಷಧಿ ನಡೆಯಬೇಕು. ಐದಾರು ದಿನವಾದರೂ ರಕ್ತ ಸ್ವಚ್ಛವಾಗದಿದ್ದರೆ ಹೃದಯದ ಕವಾಟದ ಮೇಲೆ ಕೂತಿರಬಹುದು. ಎಕೋ ಮಾಡಿಸಿ.

ನಾಲ್ಕನೆಯದು: ಯಾವ ಯೀಸ್ಟ್ ಎಂದು ಕೇಳಿ

'ಕ್ಯಾಂಡಿಡಾ ಬೆಳೆದಿದೆ' ಎಂಬ ವರದಿ ಅರ್ಧ ವರದಿ. ಕ್ಯಾಂಡಿಡಾದಲ್ಲಿ ಹಲವು ಜಾತಿಗಳಿವೆ. ಅಲ್ಬಿಕಾನ್ಸ್ ಅಥವಾ ಟ್ರಾಪಿಕಾಲಿಸ್ ಆಗಿ, ಫ್ಲುಕೊನಜೋಲ್ ಎಂಬ ಶಿಲೀಂಧ್ರದ ಔಷಧಿಗೆ ಬಗ್ಗುವಂಥದ್ದಾಗಿದ್ದರೆ, ಕೆಲವು ದಿನ ಕಳೆದು ರೋಗಿ ಸುಧಾರಿಸಿದ ಮೇಲೆ ಆ ಅಗ್ಗದ ಮಾತ್ರೆಗೆ ಬದಲಾಯಿಸಬಹುದು. ಕ್ಯಾಂಡಿಡಾ ಆರಿಸ್ ಆಗಿದ್ದರೆ ಕಥೆಯೇ ಬೇರೆ.

ಇದನ್ನು ಮೊದಲು ವಿವರಿಸಿದ್ದು 2009ರಲ್ಲಿ, ಜಪಾನಿನಲ್ಲಿ. ಭಾರತದಿಂದ ಮೊದಲ ವರದಿ ಬಂದದ್ದು 2013ರಲ್ಲಿ, ದೆಹಲಿಯಿಂದ. ಫ್ಲುಕೊನಜೋಲ್‌ಗೆ ಇದು ಬಹುತೇಕ ಬಗ್ಗುವುದೇ ಇಲ್ಲ. ಆಂಫೊಟೆರಿಸಿನ್ ಎಂಬ ಇನ್ನೊಂದು ಶಿಲೀಂಧ್ರದ ಔಷಧಿಗೂ ಹಲವು ಸಲ ಬಗ್ಗುವುದಿಲ್ಲ. ಎಕಿನೊಕ್ಯಾಂಡಿನ್ ಮಾತ್ರ ಹೆಚ್ಚಿನ ಕಡೆ ಇನ್ನೂ ಕೆಲಸ ಮಾಡುತ್ತಿದೆ. ಅದಕ್ಕೂ ಪ್ರತಿರೋಧ ಬೆಳೆದ ಪ್ರಕರಣಗಳಿವೆ, ಚಿಕಿತ್ಸೆಯ ನಡುವೆಯೇ ಬೆಳೆದದ್ದೂ ಇದೆ. ಹಳೆಯ ಯಂತ್ರಗಳು ಇದನ್ನು ಸಾಮಾನ್ಯವಾಗಿ 'ಕ್ಯಾಂಡಿಡಾ ಹೀಮುಲೋನಿ' ಎಂದು ತಪ್ಪಾಗಿ ಹೇಳುತ್ತಿದ್ದವು. ನಿಮ್ಮ ವರದಿಯಲ್ಲಿ ಆ ಹೆಸರು ಬಂದರೆ ಜಾತಿಯನ್ನು ಸರಿಯಾಗಿ ಗುರುತಿಸುವ ಮಾಲ್ಡಿ-ಟಾಫ್ ಯಂತ್ರವಿರುವ ಲ್ಯಾಬಿಗೆ ಕಳಿಸಿ ಖಚಿತಪಡಿಸಿಕೊಳ್ಳಿ.

ಐದನೆಯದು: ವಾರ್ಡಿನಲ್ಲಿ ಓಡಾಡುವ ವಸ್ತುವನ್ನು ಹುಡುಕಿ

ಬೇರೆ ಕ್ಯಾಂಡಿಡಾಗಳು ಹೆಚ್ಚಾಗಿ ರೋಗಿಯ ಕರುಳಿನಿಂದಲೇ ಬರುತ್ತವೆ ಎಂದೆನಲ್ಲ. ಆರಿಸ್ ಹಾಗಲ್ಲ. ಚರ್ಮದ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಪ್ಲಾಸ್ಟಿಕ್ಕಿನ ಮೇಲೆ ವಾರಗಟ್ಟಲೆ. ಮಂಚದಿಂದ ಮಂಚಕ್ಕೆ ದಾಟುತ್ತದೆ.

ಇದರ ದಾರಿ ಹೇಗಿರುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ನಡೆದದ್ದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅಲ್ಲಿನ ಆಸ್ಪತ್ರೆಗಳಲ್ಲಿ 2015ರಿಂದ 2017ರವರೆಗೆ 70 ರೋಗಿಗಳಲ್ಲಿ ಆರಿಸ್ ಸಿಕ್ಕಿತು. ಅವರಲ್ಲಿ 66 ಮಂದಿ ನರರೋಗ ಐಸಿಯುವಿನಲ್ಲಿ ಇದ್ದವರು. ಏಳು ಮಂದಿಗೆ ದೇಹದೊಳಗೆ ಸೋಂಕು ಆಗಿತ್ತು, ಉಳಿದವರಲ್ಲಿ ಯೀಸ್ಟ್ ನೆಲೆಸಿತ್ತಷ್ಟೇ. ರೋಗಿಗಳನ್ನು ಬೇರ್ಪಡಿಸಿದರು, ಶುಚಿ ಹೆಚ್ಚಿಸಿದರು, ಹೊಸ ಪ್ರಕರಣ ನಿಲ್ಲಲಿಲ್ಲ. ಗೋಡೆ, ನೆಲ, ಗಾಳಿಯಲ್ಲಿ ಹುಡುಕಿದರೆ ಹೆಚ್ಚೇನೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಕಂಕುಳಲ್ಲಿ ಇಡುವ ಜ್ವರ ಅಳೆಯುವ ಪ್ರೋಬ್‌ಗಳಲ್ಲಿ. ಅವನ್ನು ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಬಳಸುತ್ತಿದ್ದರು. ಆರಿಸ್‌ಗೆ ಇಷ್ಟವಾದ ಜಾಗವೇ ಕಂಕುಳು. ಆ ಪ್ರೋಬ್‌ಗಳನ್ನು ತೆಗೆದ ಮೇಲೆಯೇ ಪ್ರಕರಣಗಳು ಇಳಿದದ್ದು.

ಹಾಗಾಗಿ ಒಂದೇ ಪ್ರಕರಣ ಬಂದರೂ ಒಂದು ಹಾಳೆ ತೆಗೆದುಕೊಂಡು, ಆ ಮಂಚದಿಂದ ಬೇರೆ ಮಂಚಕ್ಕೆ ಹೋಗುವ ವಸ್ತುಗಳನ್ನೆಲ್ಲ ಬರೆಯಿರಿ. ಬಿಪಿ ಕಫ್, ಆಕ್ಸಿಜನ್ ನೋಡುವ ಬೆರಳಿನ ಕ್ಲಿಪ್, ಥರ್ಮಾಮೀಟರ್, ಅಲ್ಟ್ರಾಸೌಂಡ್ ಪ್ರೋಬ್, ಸ್ಟೆತಾಸ್ಕೋಪ್, ಗ್ಲುಕೋಮೀಟರ್. ಸಾಧ್ಯವಾದುದನ್ನು ಆ ರೋಗಿಗೇ ಮೀಸಲಿಡಿ. ರೋಗಿಯನ್ನು ಪ್ರತ್ಯೇಕ ಕೋಣೆಗೆ ಸಾಗಿಸಿ, ಮುಟ್ಟುವವರು ಗೌನ್ ಮತ್ತು ಕೈಗವಸು ಹಾಕಿ. ಅಕ್ಕಪಕ್ಕದ ಮಂಚದವರ ಕಂಕುಳು ಮತ್ತು ತೊಡೆಸಂದಿಯಿಂದ ಸ್ವಾಬ್ ತೆಗೆದು ಪರೀಕ್ಷಿಸಿ.

ಕೈಗೆ ಆಲ್ಕೋಹಾಲ್ ರಬ್ ಸಾಕು, ಕಣ್ಣಿಗೆ ಕಾಣುವ ಕೊಳೆ ಇದ್ದರೆ ಸೋಪು ನೀರು. ಮಂಚ, ಮೇಜಿಗೆ ಹಾಗಲ್ಲ. ಕ್ವಾಟರ್ನರಿ ಅಮೋನಿಯಂ ಇರುವ ಸಾಮಾನ್ಯ ಕ್ಲೀನರ್‌ಗಳು ಆರಿಸ್ ಮೇಲೆ ನಂಬಲರ್ಹವಲ್ಲ. 1000 ಪಿಪಿಎಂ ಕ್ಲೋರಿನ್ ಬೇಕು. ಶೇ 5ರ ಹೈಪೋಕ್ಲೋರೈಟ್ ಇದ್ದರೆ 20 ಎಂಎಲ್ ತೆಗೆದುಕೊಂಡು ನೀರು ಸೇರಿಸಿ ಒಂದು ಲೀಟರ್ ಮಾಡಿ. ದಿನವೂ ಹೊಸದಾಗಿ ಕಲಸಿ. ಕೊಳೆಯನ್ನು ಮೊದಲು ಒರೆಸಿ ತೆಗೆಯದಿದ್ದರೆ ಕ್ಲೋರಿನ್ ಅದರಲ್ಲೇ ಖರ್ಚಾಗಿ ಹೋಗುತ್ತದೆ. ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿಯೇ ಇರಬೇಕು.

ಚರ್ಮದ ಮೇಲೆ ಆರಿಸ್ ಇದ್ದು ಸೋಂಕಿನ ಲಕ್ಷಣ ಇಲ್ಲದವರಿಗೆ ಎಕಿನೊಕ್ಯಾಂಡಿನ್ ಕೊಡಬೇಡಿ. ಚರ್ಮದಿಂದ ಅದು ಹೋಗುವುದಿಲ್ಲ, ಉಳಿದಿರುವ ಔಷಧಿಯನ್ನೂ ಕಳೆದುಕೊಳ್ಳುತ್ತೇವೆ. ಭೇಟಿಗೆ ಬರುವ ಆರೋಗ್ಯವಂತ ಮನೆಯವರಿಗೆ ಅಪಾಯ ತೀರಾ ಕಡಿಮೆ. ಕೈ ತೊಳೆದು ಬರಲಿ, ಕೈ ತೊಳೆದು ಹೋಗಲಿ. ರೋಗಿಯನ್ನು ಬೇರೆ ಆಸ್ಪತ್ರೆಗೆ ಕಳಿಸುವಾಗ ಸಾರಾಂಶ ಪತ್ರದ ಮೊದಲ ಸಾಲಿನಲ್ಲೇ ಆರಿಸ್ ಎಂದು ಬರೆಯಿರಿ. ಆಂಬ್ಯುಲೆನ್ಸ್ ಹೊರಡುವ ಮೊದಲು ಅಲ್ಲಿಯ ಐಸಿಯುಗೆ ಫೋನ್ ಮಾಡಿ ತಿಳಿಸಿ, ಅವರು ಕೋಣೆ ಸಿದ್ಧ ಮಾಡಿಟ್ಟುಕೊಳ್ಳುತ್ತಾರೆ.