ಮಂಜಿನ ರಾತ್ರಿಯ ಹೋಟೆಲ್ ಬಿಲ್ಲು ವಿಮೆಯಿಂದ ಬಂದ ಬಗೆ

ಜನವರಿಯಲ್ಲಿ ದೆಹಲಿಗೆ ಹೋಗಿಬಂದವರಿಗೆ ಮಂಜಿನ ಪಾಡು ಗೊತ್ತು. ತಂಗಿಯ ಮನೆಯಿಂದ ಬೆಂಗಳೂರಿಗೆ ಹೊರಟಿದ್ದೆ, ರಾತ್ರಿ 9.30ರ ವಿಮಾನ. ಮೊದಲು 11 ಅಂದರು, ಆಮೇಲೆ ಒಂದೂವರೆ, ಕೊನೆಗೆ ಬೆಳಿಗ್ಗೆ 9.10.

ಕೌಂಟರಿನಲ್ಲಿ ಹೋಟೆಲ್ ಕೇಳಿದೆ. ರಾತ್ರಿ 8ರಿಂದ 3ರೊಳಗೆ ಹೊರಡಬೇಕಾದ ವಿಮಾನ 6 ಗಂಟೆಗಿಂತ ಹೆಚ್ಚು ತಡವಾದರೆ ಉಳಿಯಲು ಜಾಗ ಕೊಡಬೇಕೆಂದು ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮವಿದೆ. ಆದರೆ ಹವಾಮಾನದಂಥ ಕೈಮೀರಿದ ಕಾರಣಕ್ಕೆ ಅದೇ ನಿಯಮ ವಿನಾಯಿತಿಯನ್ನೂ ಕೊಡುತ್ತದೆ. ಊಟದ ಕೂಪನ್ ಒಂದನ್ನು ಕೈಗಿಟ್ಟು, "ಮಂಜು ಸಾರ್, ನಾವೇನು ಮಾಡೋಣ" ಅಂದರು.

ಇಲ್ಲೇ ಪ್ರವಾಸ ವಿಮೆ ಕೆಲಸಕ್ಕೆ ಬಂದದ್ದು. ನನ್ನ ಪಾಲಿಸಿಯಲ್ಲಿ 6 ಗಂಟೆ ಮೀರಿದ ವಿಳಂಬಕ್ಕೆ ಊಟ, ವಸತಿ, ಟ್ಯಾಕ್ಸಿ ಖರ್ಚು ಕೊಡುತ್ತಾರೆ. ಕಾರಣ ಮಾತ್ರ ಕೆಟ್ಟ ಹವಾಮಾನ, ಮುಷ್ಕರ ಅಥವಾ ವಿಮಾನದ ಯಾಂತ್ರಿಕ ದೋಷ ಆಗಿರಬೇಕು. ಅಂದರೆ ವಿಮಾನ ಕಂಪನಿ ಯಾವ ಕಾರಣ ಹೇಳಿ ಜಾರಿಕೊಂಡಿತೋ, ಅದೇ ಕಾರಣಕ್ಕೆ ವಿಮೆ ದುಡ್ಡು ಕೊಡಬೇಕು. ಆ ಕಾರಣ ಕಾಗದದ ಮೇಲೆ ಇರಬೇಕು, ಅಷ್ಟೇ.

ನಾನು ಎಡವಿದ್ದೂ ಅಲ್ಲೇ. ಊರಿಗೆ ಬಂದು ಇಮೇಲ್ ಮಾಡಿ ತರಿಸಿಕೊಂಡ ವಿಳಂಬದ ಪ್ರಮಾಣಪತ್ರದಲ್ಲಿ "ಆಪರೇಷನಲ್ ಕಾರಣ" ಅಂತಿತ್ತು. ಪಾಲಿಸಿಯ ಪಟ್ಟಿಯಲ್ಲಿ ಆ ಪದವೇ ಇಲ್ಲ! ವಿಮೆಯವರು ಕಡತ ತಡೆಹಿಡಿದರು. ಆ ರಾತ್ರಿ ಕಂಪನಿಯೇ ಕಳಿಸಿದ್ದ, ಮಂಜಿನ ಮಾತಿದ್ದ ಎಸ್ಸೆಮ್ಮೆಸ್ಸಿನ ಸ್ಕ್ರೀನ್‌ಶಾಟ್ ಲಗತ್ತಿಸಿ ವಿಮಾನ ಕಂಪನಿಗೆ ಮತ್ತೆ ಬರೆದೆ. ಈ ಸಲ ಪಿಎನ್ಆರ್, ನನ್ನ ಹೆಸರು, ನಿಗದಿತ ಸಮಯ, ನಿಜವಾಗಿ ಹೊರಟ ಸಮಯ, ಕಾರಣ, ಹೋಟೆಲ್ ಕೊಟ್ಟಿಲ್ಲ ಅನ್ನುವುದು, ಇಷ್ಟನ್ನೂ ಪತ್ರದಲ್ಲಿ ಬೇಕೆಂದು ಕೇಳಿದೆ. ಹನ್ನೊಂದು ದಿನ ಹಿಡಿಯಿತು, ಬಂತು.

ಹೋಟೆಲ್ ಕೊಟ್ಟಿಲ್ಲ ಅನ್ನುವುದು ಯಾಕೆಂದರೆ, ಕಂಪನಿ ಕೊಟ್ಟ ಸೌಲಭ್ಯಕ್ಕೆ ವಿಮೆಯವರು ಮತ್ತೆ ಕೊಡುವುದಿಲ್ಲ. ಕೂಪನ್ ಸಿಕ್ಕಿದ್ದನ್ನು ನಾನೂ ಮುಚ್ಚಿಡಲಿಲ್ಲ.

ಇನ್ನು ಬಿಲ್ಲುಗಳು. ಹೋಟೆಲಿಗೆ 4,480 ರೂಪಾಯಿ. ರಿಸೆಪ್ಷನ್‌ನವನು ಕೊಟ್ಟದ್ದು ಕಾರ್ಡ್ ಯಂತ್ರದ ಚೀಟಿ ಮಾತ್ರ. ನನ್ನ ಹೆಸರು, ತಾರೀಕು ಇರುವ ಜಿಎಸ್‌ಟಿ ಬಿಲ್ಲೇ ಬೇಕೆಂದು ನಿಂತು ಬರೆಸಿಕೊಂಡೆ. ಟ್ಯಾಕ್ಸಿ ಹೋಗಿಬರಲು 640, ಆ್ಯಪ್‌ನ ರಸೀದಿ ಇಮೇಲಿನಲ್ಲೇ ಇತ್ತು. ಬೋರ್ಡಿಂಗ್ ಪಾಸ್ ಪ್ರಯಾಣ ಮುಗಿದ ಮೇಲೆ ಆ್ಯಪ್‌ನಿಂದ ಮಾಯವಾಗಿತ್ತು. ಗೇಟಿನಲ್ಲಿ ಫೋಟೊ ಹೊಡೆದಿದ್ದರಿಂದ ಬಚಾವಾದೆ. ಕ್ಲೇಮ್ ಫಾರಂ ಜೊತೆ ಪಾಲಿಸಿ ಪ್ರತಿ, ರದ್ದುಮಾಡಿದ ಚೆಕ್ಕು ಹಾಕಿ ಕಳಿಸಿದೆ.

ಖಾತೆಗೆ ಬಂದದ್ದು 5,120 ರೂಪಾಯಿ. ಕೂಪನ್ ಸಾಲದೆ ಮಧ್ಯರಾತ್ರಿ ತಿಂದ ಪರಾಠದ 310 ಬಿಟ್ಟುಹೋಯಿತು. ಬಿಲ್ಲು ಜೇಬಿನಲ್ಲೇ ಇತ್ತು, ಆದರೆ ಥರ್ಮಲ್ ಕಾಗದ. ಕ್ಲೇಮ್ ಹಾಕುವ ಹೊತ್ತಿಗೆ ಅಂಗಡಿಯ ಹೆಸರೂ ಕಾಣದಷ್ಟು ಬೆಳ್ಳಗಾಗಿತ್ತು.