ಏಳು ಸೆಂಟಿಮೀಟರ್ ನೀರು ಮೂರಾಗುವ ಲೆಕ್ಕ: ಹೊಲದ ಟ್ಯಾಂಕಿಗೆ ಮ್ಯಾಂಚೆಸ್ಟರ್ ಕೋಡ್

ಜೇವರ್ಗಿ ಕಡೆ ನಮ್ಮ ಹೊಲದಲ್ಲಿ ಕೊಳವೆಬಾವಿಯ ಪಕ್ಕ ಒಂದು ನೀರಿನ ಟ್ಯಾಂಕ್ ಇದೆ. "ಈ ಬಿಸಲಾಗ ದಿನಾ ಅಲ್ಲಿತನ ಹೋಗಿ ಏಣಿ ಏರಿ ನೋಡೂದು ನನ್ನಿಂದ ಆಗಂಗಿಲ್ಲಪ್ಪ, ಮನ್ಯಾಗ ಕುಂತು ಗೊತ್ತಾಗೂಹಂಗ ಮಾಡು" ಅಂತ ಕಾಕಾ ಹೇಳಿದ ಮೇಲೆ, ಟ್ಯಾಂಕಿನಿಂದ ಮನೆಗೆ ಎರಡು ತಂತಿಯ ಕೇಬಲ್ ಎಳೆದೆ. ಟ್ಯಾಂಕಿನ ಹತ್ತಿರ ಎಟಿಟೈನಿ85 ಚಿಪ್, ಮನೆಯಲ್ಲಿ ಸಮಯವನ್ನು ಕರಾರುವಾಕ್ಕಾಗಿ ಎಣಿಸುವ ಕ್ರಿಸ್ಟಲ್ ಇರುವ ಇನ್ನೊಂದು ಬೋರ್ಡ್. ಮಟ್ಟ ಎಷ್ಟು ಸೆಂಟಿಮೀಟರ್ ಎಂಬುದು 16 ಬಿಟ್‌ಗಳಲ್ಲಿ ಬರಬೇಕು, ಸೆಕೆಂಡಿಗೆ 1000 ಬಿಟ್ ವೇಗದಲ್ಲಿ.

ಎಟಿಟೈನಿಯ ಒಳಗಿನ ಗಡಿಯಾರ ಆರ್‌ಸಿ ಆಸಿಲೇಟರ್. ಕಾರ್ಖಾನೆಯಿಂದ ಬಂದ ಹಾಗೇ ಬಳಸಿದರೆ ಶೇ 10ರವರೆಗೆ ಹೆಚ್ಚುಕಡಿಮೆ ಇರಬಹುದು, ಬಿಸಿಲಿಗೂ ಬ್ಯಾಟರಿ ಇಳಿದದ್ದಕ್ಕೂ ಮತ್ತೆ ಸರಿಯುತ್ತದೆ. ನನ್ನ ಚಿಪ್ಪನ್ನು ಆಸಿಲೋಸ್ಕೋಪಿನಲ್ಲಿ ನೋಡಿದಾಗ 1 ಮಿಲಿಸೆಕೆಂಡ್ ಇರಬೇಕಾದ ಬಿಟ್ 1.04 ಬರುತ್ತಿತ್ತು, ಅಂದರೆ ಶೇ 4 ನಿಧಾನ.

ಇದರಿಂದ ಏನಾಗುತ್ತದೆಂದು ತಿಳಿಯಲು ಮೊದಲು ಮೇಜಿನ ಮೇಲೆ, ಗಿಡ್ಡ ತಂತಿಯಲ್ಲಿ ಸಾದಾ ಎನ್‌ಆರ್‌ಝಡ್ ಕಳಿಸಿದೆ. 1 ಎಂದರೆ ತಂತಿಯ ವೋಲ್ಟೇಜ್ ಮೇಲೆ, 0 ಎಂದರೆ ಕೆಳಗೆ, ಬಿಟ್ ಮುಗಿಯುವವರೆಗೂ ಅಷ್ಟೇ. ನೀರು 7 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ:

```
0000000000000111
```

ಹದಿಮೂರು ಸೊನ್ನೆ ಮುಗಿಯುವವರೆಗೆ ತಂತಿ ಅಲುಗುವುದೇ ಇಲ್ಲ. ಆ ಹೊತ್ತಿನಲ್ಲಿ ಎಷ್ಟು ಬಿಟ್ ಕಳೆದವು ಎನ್ನುವುದನ್ನು ಮನೆಯ ಬೋರ್ಡ್ ತನ್ನ ಗಡಿಯಾರದಿಂದಲೇ ಎಣಿಸಬೇಕು. ಕಳಿಸಿದ್ದು 13 ಬಿಟ್, ಆದರೆ ಹಿಡಿದ ಸಮಯ 13 × 1.04 = 13.52 ಮಿಲಿಸೆಕೆಂಡ್. ಹತ್ತಿರದ ಪೂರ್ಣಸಂಖ್ಯೆ 14. ಒಂದು ಸೊನ್ನೆ ಹೆಚ್ಚಿಗೆ ಬಂದು, ಕೊನೆಯ 1ಕ್ಕೆ ಜಾಗ ಉಳಿಯುವುದಿಲ್ಲ:

```
0000000000000011
```

7 ಹೋಗಿ 3 ಆಯಿತು. ಈ ತಪ್ಪು ಎದ್ದು ಕಾಣುವುದಿಲ್ಲ ಎನ್ನುವುದೇ ನನಗೆ ಹೆಚ್ಚು ಆತಂಕ ತಂದದ್ದು. 0101 ಥರದ ಮಾದರಿ ಕಳಿಸಿ ಪರೀಕ್ಷಿಸಿದರೆ ಪ್ರತಿ ಬಿಟ್ಟಿಗೂ ಒಂದು ಅಂಚು, ಅಂದರೆ ವೋಲ್ಟೇಜ್ ಏರುವ ಇಲ್ಲವೇ ಇಳಿಯುವ ಕ್ಷಣ, ಸಿಗುವುದರಿಂದ ಎಲ್ಲವೂ ಸರಿಯಾಗೇ ಬರುತ್ತದೆ. ಒಂದೇ ಬಿಟ್ ಉದ್ದಕ್ಕೆ ಸಾಲುಗಟ್ಟಿದಾಗ ಮಾತ್ರ ಕೈಕೊಡುತ್ತದೆ.

ಇಂಥ ಚಿಪ್ಪುಗಳ ಮಾಮೂಲು ಸೀರಿಯಲ್ ಪದ್ಧತಿಯಾದ ಯುಆರ್ಟ್ ಹಾಕಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಅದು ಪ್ರತಿ ಬೈಟಿಗೂ ಸ್ಟಾರ್ಟ್ ಬಿಟ್ ಹಾಕಿ ಹೊಸದಾಗಿ ಎಣಿಕೆ ಶುರುಮಾಡುತ್ತದೆ, ಶೇ 4 ತಪ್ಪನ್ನು ಹೇಗೋ ತಾಳಿಕೊಳ್ಳುತ್ತದೆ. ಆದರೆ ನನಗೆ ಇನ್ನೊಂದು ಅಡಚಣೆ ಇತ್ತು. ನಮ್ಮಲ್ಲಿ ಅಕಾಲ ಮಳೆಗೆ ಸಿಡಿಲು ಜೋರು. ಹೊಲದ ತಂತಿ ಮನೆಯ ಬೋರ್ಡಿಗೆ ನೇರವಾಗಿ ತಾಕಬಾರದೆಂದು ಎರಡೂ ತುದಿಗೆ ಹಳೆ ಡಯಲಪ್ ಮೋಡೆಮ್‌ಗಳಿಂದ ಬಿಚ್ಚಿದ ಟ್ರಾನ್ಸ್‌ಫಾರ್ಮರ್ ಹಾಕಿದ್ದೆ. (ನೇರ ಸಿಡಿಲಿಗೆ ಇದು ತಡೆಯಲ್ಲ, ಸುತ್ತಮುತ್ತ ಬಿದ್ದಾಗ ತಂತಿಯಲ್ಲಿ ಏರುವ ವೋಲ್ಟೇಜಿಗೆ ಮಾತ್ರ.) ಟ್ರಾನ್ಸ್‌ಫಾರ್ಮರ್ ಅಲುಗದೆ ನಿಂತ ವೋಲ್ಟೇಜನ್ನು ದಾಟಿಸುವುದಿಲ್ಲ. ಯುಆರ್ಟ್ ಸುಮ್ಮನಿದ್ದಾಗಲೂ ತಂತಿ ಒಂದೇ ಮಟ್ಟದಲ್ಲಿ ನಿಂತಿರುತ್ತದೆ.

ಮ್ಯಾಂಚೆಸ್ಟರ್ ಕೋಡಿನಲ್ಲಿ ಪ್ರತಿ ಬಿಟ್ಟಿನ ನಟ್ಟನಡುವೆ ತಂತಿ ಬದಲಾಗಲೇಬೇಕು. ಈಥರ್ನೆಟ್ ಪದ್ಧತಿಯಲ್ಲಿ 0 ಎಂದರೆ ಮೇಲಿಂದ ಕೆಳಗೆ, 1 ಎಂದರೆ ಕೆಳಗಿಂದ ಮೇಲೆ. ಮೇಲಿನ ಸಂಖ್ಯೆಯ ಕೊನೆಯ ಆರು ಬಿಟ್, ಅರ್ಧರ್ಧ ಬಿಟ್ಟಾಗಿ ಬರೆದರೆ:

```
ಬಿಟ್:            0  0  0  1  1  1
ಎನ್‌ಆರ್‌ಝಡ್:     00 00 00 11 11 11
ಮ್ಯಾಂಚೆಸ್ಟರ್:    10 10 10 01 01 01
```

ಎರಡು ಅಂಚುಗಳ ನಡುವಿನ ಅಂತರ ಈಗ 500 ಇಲ್ಲವೇ 1000 ಮೈಕ್ರೋಸೆಕೆಂಡ್, ಎರಡೇ ಬಗೆ. ಶೇ 4 ನಿಧಾನವಾದರೆ 520 ಮತ್ತು 1040. ನಡುವೆ 750ಕ್ಕೆ ಗೆರೆ ಹಾಕಿದರೆ ಗಿಡ್ಡದ್ದು ಯಾವುದು, ಉದ್ದದ್ದು ಯಾವುದು ಎಂಬ ಗೊಂದಲವೇ ಇಲ್ಲ. ಪ್ರತಿ ಅಂಚಿಗೂ ಎಣಿಕೆ ಹೊಸದಾಗುವುದರಿಂದ ತಪ್ಪು ಕೂಡಿಕೊಳ್ಳುತ್ತ ಹೋಗುವುದಿಲ್ಲ. ತರಂಗವೂ 500ರಿಂದ 1000 ಹರ್ಟ್ಸ್ ಸುತ್ತ ಇರುವುದರಿಂದ, ದೂರವಾಣಿ ಧ್ವನಿಗೆಂದೇ ಮಾಡಿದ ಆ ಟ್ರಾನ್ಸ್‌ಫಾರ್ಮರ್ ಅದನ್ನು ಸಲೀಸಾಗಿ ದಾಟಿಸಿತು.

ಆದರೂ ಒಂದು ಕಡೆ ಎಚ್ಚರ ಬೇಕು. ಬರೀ ಸೊನ್ನೆಗಳು 10101010, ಬರೀ ಒಂದುಗಳು 01010101. ಅರ್ಧ ಬಿಟ್ ಸರಿಸಿದರೆ ಎರಡೂ ಒಂದೇ. ನಡುಬಿಟ್ಟಿನ ಅಂಚು ಯಾವುದೆಂದು ಗೊತ್ತಾಗುವುದು ಉದ್ದ ಅಂತರ ಸಿಕ್ಕಾಗ ಮಾತ್ರ, ಏಕೆಂದರೆ ಅದು ಯಾವಾಗಲೂ ಒಂದು ನಡುವಿನಿಂದ ಮುಂದಿನ ನಡುವಿಗೆ ಇರುತ್ತದೆ. ಹಾಗಾಗಿ ಮಾಹಿತಿಗೆ ಮೊದಲು ಒಂದಷ್ಟು ಸೊನ್ನೆ ಕಳಿಸಿ, ಕೊನೆಗೆ ಒಂದು 1 ಇಡುತ್ತೇನೆ. ಮೊದಲ ಉದ್ದ ಅಂತರ ಮುಗಿಯುವ ಅಂಚು ಮೇಲಕ್ಕೆ ಏರಬೇಕು. ಕೆಳಕ್ಕೆ ಇಳಿದರೆ ಎಲ್ಲೋ ತಂತಿ ಅದಲುಬದಲು ಜೋಡಣೆಯಾಗಿದೆ ಎಂದರ್ಥ, ಆಗ ಪ್ರೋಗ್ರಾಂ ಎಲ್ಲ ಬಿಟ್ಟುಗಳನ್ನೂ ತಿರುಗಿಸಿ ಓದುತ್ತದೆ. ಕುಂಟೆ ಹೊಡೆಯುವಾಗ ಕೇಬಲ್ ಹರಿದು, ಕಾಕಾ ತಾವೇ ಗಂಟು ಹಾಕಿದಾಗ ಇದು ಉಪಯೋಗಕ್ಕೆ ಬಂತು. ಒಂದು ಬಿಟ್ಟಿನ ಜಾಗದಲ್ಲಿ 00 ಅಥವಾ 11 ಸಿಕ್ಕರೆ ಆ ಸಂದೇಶವನ್ನೇ ಬಿಡುತ್ತೇನೆ.

ಇದಕ್ಕೆ ತೆರಬೇಕಾದ ಬೆಲೆ ಬ್ಯಾಂಡ್‌ವಿಡ್ತ್: ಒಂದು ಬಿಟ್ಟಿಗೆ ಎರಡು ಸಂಕೇತ. 10 ಮೆಗಾಬಿಟ್ ಈಥರ್ನೆಟ್ ಇದನ್ನು ಭರಿಸಿತು, 100 ಮೆಗಾಬಿಟ್ಟಿಗೆ ಹೋದಾಗ ನಾಲ್ಕು ಬಿಟ್ಟಿಗೆ ಐದು ಕಳಿಸುವ ಬೇರೆ ಕೋಡ್ ಬಂತು. ನನ್ನ ಸಾವಿರ ಬಿಟ್ಟಿಗೆ ಅದರ ಚಿಂತೆ ಇಲ್ಲ. ಮನೆಯ ಪೆಟ್ಟಿಗೆಯೊಳಗೆ ಬೋರ್ಡಿನಿಂದ ಡಿಸ್‌ಪ್ಲೇಗೆ ಹೋಗುವ ಬೆರಳುದ್ದದ ತಂತಿಗಳಲ್ಲಿ ಮಾತ್ರ ಎನ್‌ಆರ್‌ಝಡ್ ಅನ್ನೇ ಉಳಿಸಿಕೊಂಡಿದ್ದೇನೆ, ಅಲ್ಲಿ ಗಡಿಯಾರಕ್ಕೆ ಬೇರೆಯದೇ ತಂತಿ ಇದೆ.